ಟೇಪಿನ ಪಕ್ಕದ ಫೋಟೋದಿಂದ ಮೀನಿನ ತೂಕ ಅಂದಾಜು ಮಾಡುವುದು: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ತಕ್ಕಡಿ ಕೈಯಲ್ಲಿರಲಿಲ್ಲ, ಮೀನನ್ನು ಟೇಪಿನ ಪಕ್ಕ ಮಲಗಿಸಿ ಫೋಟೋ ತೆಗೆದಿರಿ, ಮೀನನ್ನು ನೀರಿಗೆ ಬಿಟ್ಟಿರಿ. ಈಗ ತೂಕ ಎಷ್ಟಿತ್ತು ಅಂತ ತಿಳಿಯಬೇಕು. ಇದಕ್ಕೆ ಸೂತ್ರ ಇದೆ, ಸೂತ್ರ ಸುಲಭವೂ ಹೌದು. ಆದರೆ ಲೆಕ್ಕ ಮಾಡಿ ನನಗೆ ತೋರಿಸಿದವರಲ್ಲಿ ಹೆಚ್ಚಿನವರ ಉತ್ತರ ನಿಜವಾದ ತೂಕಕ್ಕಿಂತ ಜಾಸ್ತಿಯೇ ಬಂದಿರುತ್ತದೆ, ಅದೂ ಐದರಲ್ಲಿ ಒಂದು ಪಾಲಿನಷ್ಟು. ಗುಣಾಕಾರದಲ್ಲಿ ತಪ್ಪಿರುವುದಿಲ್ಲ. ತಪ್ಪು ಅದಕ್ಕೂ ಮೊದಲೇ, ಫೋಟೋದಿಂದ ಉದ್ದ ತೆಗೆಯುವಾಗಲೇ ಆಗಿರುತ್ತದೆ. ಹಾಗಾಗಿ ಇಲ್ಲಿ ಹೆಚ್ಚಿನ ಜಾಗ ಉದ್ದಕ್ಕೇ ಕೊಟ್ಟಿದ್ದೇನೆ.

ಸೂತ್ರ ಇದು:

```
W = a × L^b
```

W ಅಂದರೆ ಗ್ರಾಂನಲ್ಲಿ ತೂಕ, L ಅಂದರೆ ಸೆಂಟಿಮೀಟರ್‌ನಲ್ಲಿ ಉದ್ದ. a ಮತ್ತು b ಆಯಾ ಜಾತಿಯ ಮೀನಿಗೆ ಸೇರಿದ ಸಂಖ್ಯೆಗಳು. ಅದೇ ಜಾತಿಯ ತುಂಬಾ ಮೀನುಗಳನ್ನು ಅಳೆದು, ತೂಗಿ ಇವನ್ನು ಕಂಡುಕೊಂಡಿರುತ್ತಾರೆ. b ಸಾಮಾನ್ಯವಾಗಿ 3ರ ಆಸುಪಾಸಿನಲ್ಲಿರುತ್ತದೆ. ಉದ್ದ ಬೆಳೆದಂತೆ ಎತ್ತರ, ದಪ್ಪ ಎರಡೂ ಬೆಳೆಯುತ್ತವೆ ಅಲ್ವಾ, ಅದಕ್ಕೇ 3.

ಈ 3ನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಉದ್ದದಲ್ಲಿ ಆದ ಸಣ್ಣ ತಪ್ಪು ತೂಕದಲ್ಲಿ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಉದ್ದ ಶೇ. 2 ತಪ್ಪಿದರೆ ತೂಕ ಶೇ. 6 ತಪ್ಪುತ್ತದೆ. ಉದ್ದ ಶೇ. 7 ತಪ್ಪಿದರೆ ತೂಕ ಶೇ. 23 ತಪ್ಪುತ್ತದೆ.

## ಏನೇನು ಬೇಕು

ಸೆಂಟಿಮೀಟರ್ ಗುರುತುಗಳಿರುವ ಟೇಪು, ಮೊಬೈಲ್, ಮೀನು ಮಲಗಿಸಲು ಸಮತಟ್ಟಾದ ಒದ್ದೆ ಹಲಗೆ ಅಥವಾ ಮ್ಯಾಟ್, ಟೇಪಿನ ಕೆಳಗೆ ಇಡಲು ಒಂದೆರಡು ಮರದ ತುಂಡು. ಆಮೇಲೆ ಲೆಕ್ಕಕ್ಕೆ ಒಂದು ಕಂಪ್ಯೂಟರ್. ಚಿತ್ರದ ಮೇಲೆ ಗೆರೆ ಎಳೆದು ಅಳೆಯಲು ನಾನು ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಬಳಸುತ್ತೇನೆ. ಎರಡು ಬಿಂದುಗಳ ನಡುವಿನ ಪಿಕ್ಸೆಲ್ ದೂರ ತೋರಿಸುವ ಬೇರೆ ಯಾವುದಾದರೂ ಸಾಕು.

ಬಟ್ಟೆ ಟೇಪು ಹಳೆಯದಾದಂತೆ ಹಿಗ್ಗುತ್ತದೆ. ಉಕ್ಕಿನ ಟೇಪು ಇದ್ದರೆ ಅದನ್ನೇ ತೆಗೆದುಕೊಳ್ಳಿ. ಆದರೆ ಅದರ ತುದಿಯ ಕೊಕ್ಕೆ ಬೇಕೆಂದೇ ಸ್ವಲ್ಪ ಅಲ್ಲಾಡುವಂತೆ ಮಾಡಿರುತ್ತಾರೆ. ಆದ್ದರಿಂದ ಸೊನ್ನೆಯಿಂದ ಅಳೆಯಬೇಡಿ, 10ರ ಗುರುತಿನಿಂದ ಶುರು ಮಾಡಿ.

## ಹಂತ 1: ಮೀನು ಮತ್ತು ಟೇಪನ್ನು ಇಡುವುದು

ಮೀನನ್ನು ಪಕ್ಕಕ್ಕೆ ಮಲಗಿಸಿ. ಮೂತಿಯಿಂದ ಬಾಲದವರೆಗೆ ಬೆನ್ನು ನೇರವಾಗಿರಲಿ, ಬಾಯಿ ಮುಚ್ಚಿರಲಿ. ಜೀವಂತ ಮೀನಾದರೆ ಹಲಗೆಯನ್ನೂ ಕೈಯನ್ನೂ ಮೊದಲೇ ಒದ್ದೆ ಮಾಡಿ. ಟೇಪನ್ನು ಮೊದಲೇ ಹಾಸಿ ಕ್ಯಾಮೆರಾ ಸಿದ್ಧ ಮಾಡಿಟ್ಟುಕೊಂಡರೆ ಮೀನು ನೀರಿನ ಹೊರಗೆ ಇರುವುದು ಕೆಲವೇ ಕ್ಷಣ.

ಟೇಪನ್ನು ಮೀನಿನ ಮೈಮೇಲೆ ಹಾಸಬೇಡಿ. ಹೊಟ್ಟೆಯ ಉಬ್ಬಿನ ಮೇಲೆ ಹಾದುಹೋದ ಟೇಪು ನೇರ ಉದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. a, b ಕಂಡುಹಿಡಿದವರು ಅಳೆದದ್ದು ನೇರ ಉದ್ದವನ್ನು. ಟೇಪು ಮೀನಿನ ಪಕ್ಕದಲ್ಲಿ, ಅದಕ್ಕೆ ಸಮಾನಾಂತರವಾಗಿ ಇರಬೇಕು.

ಈಗ ತುಂಬಾ ಜನ ಬಿಟ್ಟುಬಿಡುವ ಕೆಲಸ. ಟೇಪನ್ನು ಹಲಗೆಯ ಮೇಲೆ ಸುಮ್ನೆ ಇಡಬೇಡಿ. ಮೀನಿನ ದಪ್ಪದ ಅರ್ಧದಷ್ಟು ಎತ್ತರಕ್ಕೆ ಏರಿಸಿ. ಮಲಗಿದ ಮೀನಿನ ದಪ್ಪ 8 ಸೆಂ.ಮೀ. ಇದ್ದರೆ 4 ಸೆಂ.ಮೀ. ಮರದ ತುಂಡುಗಳ ಮೇಲೆ ಟೇಪು ಇರಲಿ. ಯಾಕೆ ಅಂದರೆ ಮೂತಿಯ ತುದಿ ಹಲಗೆಗೆ ತಾಗಿರುವುದಿಲ್ಲ, ಅದು ಮೈಯ ಅರ್ಧ ದಪ್ಪದಷ್ಟು ಮೇಲೆ ಇರುತ್ತದೆ. ಬಾಲವನ್ನೂ ಅದೇ ಮಟ್ಟದಲ್ಲಿ ಇಡಿ, ಜೋತುಬೀಳಲು ಬಿಡಬೇಡಿ. ಟೇಪು ಕೆಳಗೆ, ಮೀನು ಮೇಲೆ ಇದ್ದರೆ ಕ್ಯಾಮೆರಾಗೆ ಮೀನು ಹತ್ತಿರವಾಗಿ ಟೇಪಿಗಿಂತ ದೊಡ್ಡದಾಗಿ ಕಾಣುತ್ತದೆ. ಉತ್ತರ ಯಾವಾಗಲೂ ಜಾಸ್ತಿ ಬರುವುದಕ್ಕೆ ದೊಡ್ಡ ಕಾರಣ ಇದೇ.

## ಹಂತ 2: ಫೋಟೋ ತೆಗೆಯುವುದು

ಮೀನಿನ ನಡುಭಾಗದ ನೇರ ಮೇಲೆ ಮೊಬೈಲ್ ಹಿಡಿಯಿರಿ. ಆದಷ್ಟು ಎತ್ತರದಿಂದ ತೆಗೆಯಿರಿ, ನಿಂತುಕೊಂಡು ಕೈ ಚಾಚಿ ತೆಗೆದರೆ ಒಳ್ಳೆಯದು. ಹತ್ತಿರ ಹೋದರೆ ಫೋಟೋ ಚೆನ್ನಾಗಿ ಬರಬಹುದು, ಅಳತೆ ಕೆಡುತ್ತದೆ.

ಎಷ್ಟು ಕೆಡುತ್ತದೆ ಅಂತ ನೋಡೋಣ. ಟೇಪು ಹಲಗೆಯ ಮೇಲಿದೆ, ಮೂತಿ ಮತ್ತು ಬಾಲ ಅದಕ್ಕಿಂತ 4 ಸೆಂ.ಮೀ. ಮೇಲಿವೆ. ಕ್ಯಾಮೆರಾ ಹಲಗೆಯಿಂದ 60 ಸೆಂ.ಮೀ. ಎತ್ತರದಲ್ಲಿದ್ದರೆ ಮೀನಿಗೂ ಕ್ಯಾಮೆರಾಗೂ ಇರುವ ದೂರ 56. ಮೀನು 60/56 ಪಟ್ಟು, ಅಂದರೆ ಶೇ. 7 ಉದ್ದವಾಗಿ ಕಾಣುತ್ತದೆ. ತೂಕ ಶೇ. 23 ಜಾಸ್ತಿ ಬರುತ್ತದೆ. ಅದೇ ಕ್ಯಾಮೆರಾ 150 ಸೆಂ.ಮೀ. ಎತ್ತರದಲ್ಲಿದ್ದರೆ 150/146, ಉದ್ದದ ತಪ್ಪು ಶೇ. 3ಕ್ಕಿಂತ ಕಡಿಮೆ, ತೂಕದ ತಪ್ಪು ಶೇ. 8ರ ಹತ್ತಿರ. ಟೇಪನ್ನು ಏರಿಸಿದ್ದರೆ ಈ ತಪ್ಪು ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ಮೊಬೈಲಿನ ಮುಖ್ಯ ಕ್ಯಾಮೆರಾವನ್ನೇ ಬಳಸಿ. 0.5x ಎಂದು ತೋರಿಸುವ ಅಗಲ ಲೆನ್ಸ್ ಬೇಡವೇ ಬೇಡ, ಅದು ಚಿತ್ರದ ಅಂಚಿನಲ್ಲಿರುವುದನ್ನು ಎಳೆದು ಉದ್ದ ಮಾಡುತ್ತದೆ. ಮೂತಿ ಮತ್ತು ಬಾಲ ಇರುವುದು ಅಂಚಿನ ಕಡೆಗೇ. ಮೀನಿನ ಎರಡೂ ಬದಿಯಲ್ಲಿ ಖಾಲಿ ಜಾಗ ಬಿಟ್ಟು ತೆಗೆಯಿರಿ. ಫೋಟೋವನ್ನು ಕತ್ತರಿಸಬೇಡಿ, ಮೂಲ ಪ್ರತಿ ಹಾಗೇ ಇರಲಿ. ಯಾಕೆಂದು ಹಂತ 5ರಲ್ಲಿ ಗೊತ್ತಾಗುತ್ತದೆ.

## ಹಂತ 3: ಯಾವ ಉದ್ದ ಎಂದು ಮೊದಲು ತೀರ್ಮಾನಿಸಿ

ಮೀನಿಗೆ ಒಂದೇ ಉದ್ದ ಇಲ್ಲ, ಮೂರಿವೆ. ಮೂತಿಯ ತುದಿಯಿಂದ ಬಾಲದ ರೆಕ್ಕೆಯ ತುತ್ತತುದಿಯವರೆಗೆ ಪೂರ್ಣ ಉದ್ದ, ಇದನ್ನು ಪಟ್ಟಿಗಳಲ್ಲಿ TL ಎಂದು ಬರೆಯುತ್ತಾರೆ. ಮೂತಿಯಿಂದ ಬಾಲದ ಕವಲಿನವರೆಗೆ ಅಳೆದರೆ FL. ಬಾಲದ ರೆಕ್ಕೆ ಶುರುವಾಗುವ ಜಾಗದವರೆಗೆ, ಅಂದರೆ ಬೆನ್ನುಮೂಳೆ ಮುಗಿಯುವವರೆಗೆ ಅಳೆದರೆ SL.

a, b ಯಾವ ಉದ್ದಕ್ಕೆ ಕೊಟ್ಟಿದ್ದಾರೋ ಆ ಉದ್ದವನ್ನೇ ಅಳೆಯಬೇಕು. ಪೂರ್ಣ ಉದ್ದ 52, ಕವಲಿನವರೆಗೆ 47 ಸೆಂ.ಮೀ. ಇರುವ ಮೀನನ್ನು ತೆಗೆದುಕೊಳ್ಳಿ. FLಗೆ ಕೊಟ್ಟ ಸಂಖ್ಯೆಗಳಿಗೆ 52 ಹಾಕಿದರೆ ತೂಕ ಮೂರನೇ ಒಂದು ಪಾಲಿಗಿಂತಲೂ ಜಾಸ್ತಿ ಏರುತ್ತದೆ. ಲೆಕ್ಕ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಅದೇ ಇದರ ಅಪಾಯ.

ಹಾಗಾಗಿ ಫೋಟೋ ಅಳೆಯುವ ಮೊದಲೇ ಸಂಖ್ಯೆಗಳನ್ನು ಹುಡುಕಿಟ್ಟುಕೊಳ್ಳಿ. ಅನೇಕರು ಇದನ್ನು ಕೊನೆಗೆ ಮಾಡುತ್ತಾರೆ, ಆಗ ಅಳೆದ ಉದ್ದವೇ ಬೇರೆ, ಸಂಖ್ಯೆಗಳ ಉದ್ದವೇ ಬೇರೆ ಆಗಿರುತ್ತದೆ.

## ಹಂತ 4: a ಮತ್ತು b ಹುಡುಕುವುದು

ಫಿಶ್‌ಬೇಸ್ ಎಂಬ ಜಾಲತಾಣದಲ್ಲಿ ಮೀನಿನ ವೈಜ್ಞಾನಿಕ ಹೆಸರು ಕೊಟ್ಟು ಹುಡುಕಿ. ಊರಿಂದೂರಿಗೆ ಒಂದೇ ಹೆಸರು ಬೇರೆ ಬೇರೆ ಮೀನಿಗೆ ಇರುತ್ತದೆ, ಆದ್ದರಿಂದ ಆಡುಮಾತಿನ ಹೆಸರು ನಂಬಬೇಡಿ. ಆ ಜಾತಿಯ ಪುಟದಲ್ಲಿ Length-weight ಎಂಬ ಕೊಂಡಿ ಒತ್ತಿದರೆ ಬೇರೆ ಬೇರೆ ನೀರಿನಲ್ಲಿ ನಡೆದ ಅಧ್ಯಯನಗಳ a, b ಪಟ್ಟಿ ಬರುತ್ತದೆ. ಯಾವ ಬಗೆಯ ಉದ್ದ, ಎಷ್ಟರಿಂದ ಎಷ್ಟು ಉದ್ದದ ಮೀನುಗಳನ್ನು ಅಳೆದರು ಎಂಬುದೂ ಅಲ್ಲೇ ಇರುತ್ತದೆ.

ನಿಮ್ಮ ಮೀನಿನ ಉದ್ದ ಆ ವ್ಯಾಪ್ತಿಯೊಳಗೆ ಬರುವ ಸಾಲನ್ನೇ ಆರಿಸಿ. 5ರಿಂದ 15 ಸೆಂ.ಮೀ. ಮರಿಗಳ ಮೇಲೆ ಕಂಡುಕೊಂಡ ಸಂಖ್ಯೆಗಳನ್ನು 50 ಸೆಂ.ಮೀ. ಮೀನಿಗೆ ಹಾಕಬಾರದು. ಮರಿಯ ಆಕಾರವೇ ಬೇರೆ.

a ಮತ್ತು b ಜೋಡಿಯಾಗಿಯೇ ಬರಬೇಕು. ಒಂದು ಸಾಲಿನ a, ಇನ್ನೊಂದು ಸಾಲಿನ b ತೆಗೆದುಕೊಂಡರೆ ಲೆಕ್ಕ ಕೆಟ್ಟಿತು ಅಂತಲೇ ತಿಳಿಯಿರಿ. b ಬರೀ 0.1 ಬದಲಾದರೂ 52 ಸೆಂ.ಮೀ. ಮೀನಿನ ತೂಕ ಸುಮಾರು ಒಂದೂವರೆ ಪಟ್ಟಾಗುತ್ತದೆ. ಎರಡು ಅಧ್ಯಯನಗಳ ಸರಾಸರಿ ಬೇಕಾದರೆ ಪ್ರತಿ ಜೋಡಿಯಿಂದ ಬೇರೆ ಬೇರೆಯಾಗಿ ತೂಕ ಲೆಕ್ಕ ಹಾಕಿ, ಆ ತೂಕಗಳ ಸರಾಸರಿ ತೆಗೆಯಿರಿ.

ಇನ್ನು ಅಳತೆಯ ಘಟಕ. ಕೆಲವು ಕಡೆ ಉದ್ದ ಮಿಲಿಮೀಟರ್‌ನಲ್ಲಿರುತ್ತದೆ. ಆಗ a ತುಂಬಾ ಪುಟ್ಟದು, 0.000014ರ ಹಾಗೆ. ಇನ್ನು ಕೆಲವು ಕಡೆ a ಬದಲಿಗೆ ಅದರ ಲಾಗ್ ಕೊಟ್ಟಿರುತ್ತಾರೆ, ಆಗ −1.83ರ ಹಾಗೆ ಋಣ ಸಂಖ್ಯೆ ಕಾಣುತ್ತದೆ. ಅದನ್ನು ನೇರ ಗುಣಿಸಬೇಡಿ, ಮೊದಲು 10ರ ಘಾತವಾಗಿ ಬದಲಿಸಿ. 10^(−1.83) ಅಂದರೆ 0.0148. ಅಲ್ಲಿ ಲಾಗ್ 10ರ ಆಧಾರದ್ದೋ ಅಲ್ಲವೋ ಅಂತಲೂ ನೋಡಿ.

ಸಿಕ್ಕ a ಸರಿಯೋ ಅಂತ ನೋಡಲು ಒಂದು ಒರಟು ಅಳತೆಗೋಲು ಇದೆ. ಪೂರ್ಣ ಉದ್ದ ಸೆಂಟಿಮೀಟರ್‌ನಲ್ಲಿ, ತೂಕ ಗ್ರಾಂನಲ್ಲಿ, b 3ರ ಹತ್ತಿರ ಇದ್ದಾಗ ಹಾವಿನಂಥ ಮೀನಿಗೆ a ಸುಮಾರು 0.001, ಉದ್ದನೆ ತೆಳ್ಳಗಿನ ಮೀನಿಗೆ 0.004, ಕದಿರಿನ ಆಕಾರದ ಸಾಮಾನ್ಯ ಮೀನಿಗೆ 0.011, ಮೋಟಾಗಿ ಎತ್ತರವಾಗಿರುವ ಮೀನಿಗೆ 0.019. ನಿಮ್ಮದು ಕದಿರಿನ ಆಕಾರದ ಮೀನು, a ಮಾತ್ರ 0.05 ಅಂದರೆ ಘಟಕವೋ ಉದ್ದದ ಬಗೆಯೋ ಎಲ್ಲೋ ತಪ್ಪಿದೆ. b 2.5ಕ್ಕಿಂತ ಕಡಿಮೆ ಅಥವಾ 3.5ಕ್ಕಿಂತ ಜಾಸ್ತಿ ಇರುವ ಸಾಲನ್ನೂ ನಾನು ಬಿಟ್ಟುಬಿಡುತ್ತೇನೆ.

## ಹಂತ 5: ಫೋಟೋದಿಂದ ಉದ್ದ ತೆಗೆಯುವುದು

ಮೂತಿಯಿಂದ ಟೇಪಿಗೆ ಒಂದು ಗೆರೆ, ಬಾಲದಿಂದ ಇನ್ನೊಂದು ಗೆರೆ ಕಣ್ಣಲ್ಲೇ ಎಳೆದು ಓದುವುದು ಎಲ್ಲರ ಅಭ್ಯಾಸ. ಮೀನು ಸ್ವಲ್ಪ ಓರೆಯಾಗಿದ್ದರೂ ಇದು ಕೈಕೊಡುತ್ತದೆ. ಪಿಕ್ಸೆಲ್ ಎಣಿಸುವುದೇ ಸರಿ.

ಇಮೇಜ್‌ಜೆಯಲ್ಲಿ ನೇರ ಗೆರೆಯ ಉಪಕರಣ ಆರಿಸಿ, ಟೇಪಿನ 10ರ ಗುರುತಿನಿಂದ 60ರ ಗುರುತಿನವರೆಗೆ ಗೆರೆ ಎಳೆಯಿರಿ. Analyze ಪಟ್ಟಿಯಲ್ಲಿ Set Scale ಒತ್ತಿ, ಆ ಗೆರೆಯ ನಿಜ ದೂರ 50 ಎಂದು ಕೊಡಿ. ಆಮೇಲೆ ಮೂತಿಯಿಂದ ಬಾಲದವರೆಗೆ ಗೆರೆ ಎಳೆದು Measure ಒತ್ತಿದರೆ ಉದ್ದ ಸೆಂಟಿಮೀಟರ್‌ನಲ್ಲೇ ಬರುತ್ತದೆ. ಕೈಲೆಕ್ಕ ಮಾಡುವವರು ಟೇಪಿನ ಪಿಕ್ಸೆಲ್‌ಗಳನ್ನು 50ರಿಂದ ಭಾಗಿಸಿ, ಬಂದದ್ದರಿಂದ ಮೀನಿನ ಪಿಕ್ಸೆಲ್‌ಗಳನ್ನು ಭಾಗಿಸಿದರೆ ಸಾಕು. ಅಳತೆಗೆ ಟೇಪಿನ ಉದ್ದನೆಯ ತುಂಡನ್ನೇ ತೆಗೆದುಕೊಳ್ಳಿ. ಬರೀ 5 ಸೆಂ.ಮೀ. ತುಂಡು ಹಿಡಿದರೆ ಗೆರೆ ಎಳೆಯುವಾಗಿನ ಕೈತಪ್ಪು ಹತ್ತು ಪಟ್ಟು ದೊಡ್ಡದಾಗುತ್ತದೆ.

ಇಲ್ಲೇ ಒಂದು ಪರೀಕ್ಷೆ ಮಾಡಿ. ಟೇಪಿನ 10ರಿಂದ 20 ಮತ್ತು 50ರಿಂದ 60, ಈ ಎರಡು ತುಂಡುಗಳ ಪಿಕ್ಸೆಲ್ ಎಣಿಸಿ. ಎರಡೂ ಒಂದೇ ಇರಬೇಕು. ಶೇ. 2–3ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕ್ಯಾಮೆರಾ ಒಂದು ಕಡೆಗೆ ವಾಲಿತ್ತು ಎಂದರ್ಥ.

ಮೀನು ಬಾಗಿದ್ದರೆ ಒಂದೇ ನೇರ ಗೆರೆ ಎಳೆದಾಗ ಉದ್ದ ಕಡಿಮೆ ಬರುತ್ತದೆ. ಮೈಯ ನಡುಗೆರೆಯನ್ನು ಹಿಡಿದು ತುಂಡು ತುಂಡಾಗಿ ಗೆರೆ ಎಳೆದು ಕೂಡಿಸಿ.

ಟೇಪು ಕೆಳಗೇ ಇದ್ದ ಹಳೆಯ ಫೋಟೋ ಆದರೆ ಉದ್ದವನ್ನು ತಿದ್ದಬೇಕು. ಕ್ಯಾಮೆರಾದ ಎತ್ತರ H, ಮೀನಿನ ಅರ್ಧ ದಪ್ಪ h ಆದರೆ:

```
L = Lphoto × (H − h) / H
```

H ನೆನಪಿಲ್ಲವಾ? ಫೋಟೋದಿಂದಲೇ ತಿಳಿಯಬಹುದು. ಈಗಿನ ಹೆಚ್ಚಿನ ಮೊಬೈಲ್‌ಗಳ ಮುಖ್ಯ ಕ್ಯಾಮೆರಾ ಹೆಚ್ಚುಕಡಿಮೆ ಒಂದೇ ಅಗಲದ ನೋಟ ಹಿಡಿಯುತ್ತದೆ. ಫೋಟೋದ ಉದ್ದನೆಯ ಬದಿ ಹಲಗೆಯ ಮೇಲೆ ಎಷ್ಟು ಸೆಂಟಿಮೀಟರ್ ಹಿಡಿದಿದೆಯೋ ಅದರ ಮುಕ್ಕಾಲು ಭಾಗ ಸುಮಾರಾಗಿ ಕ್ಯಾಮೆರಾದ ಎತ್ತರ. 80 ಸೆಂ.ಮೀ. ಹಿಡಿದಿದ್ದರೆ ಎತ್ತರ 60ರ ಹತ್ತಿರ. ಜೂಮ್ ಮಾಡಿರಬಾರದು, ಫೋಟೋ ಕತ್ತರಿಸಿರಬಾರದು. ಮೂಲ ಪ್ರತಿ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ.

## ಹಂತ 6: ಒಂದು ಮೀನಿನ ಪೂರ್ತಿ ಲೆಕ್ಕ

ಸಾಮಾನ್ಯ ಗೆಂಡೆ ಮೀನು, ವೈಜ್ಞಾನಿಕ ಹೆಸರು Cyprinus carpio. ಲೆಕ್ಕಕ್ಕೆ a = 0.0148, b = 3.02, ಪೂರ್ಣ ಉದ್ದಕ್ಕೆ ಎಂದು ಹಿಡಿಯೋಣ. ಟೇಪು ಹಲಗೆಯ ಮೇಲೇ ಇತ್ತು. ಮಲಗಿದ ಮೀನಿನ ದಪ್ಪ 8 ಸೆಂ.ಮೀ., ಹಾಗಾಗಿ h = 4.

ಫೋಟೋದ ಉದ್ದನೆಯ ಬದಿ 4000 ಪಿಕ್ಸೆಲ್. ಟೇಪಿನ 10ರಿಂದ 60ರವರೆಗೆ 2500 ಪಿಕ್ಸೆಲ್, ಅಂದರೆ ಒಂದು ಸೆಂಟಿಮೀಟರ್‌ಗೆ 50. ಎರಡು ತುದಿಯ ತುಂಡುಗಳನ್ನು ಹೋಲಿಸಿದಾಗ 498 ಮತ್ತು 502 ಬಂತು, ವಾಲಿಲ್ಲ. ಮೀನು ಮೂತಿಯಿಂದ ಬಾಲದ ತುದಿಗೆ 2788 ಪಿಕ್ಸೆಲ್. ಭಾಗಿಸಿದರೆ 55.76 ಸೆಂ.ಮೀ.

ಇಲ್ಲೇ ನಿಲ್ಲಿಸಿ ಸೂತ್ರಕ್ಕೆ ಹಾಕಿದರೆ 2780 ಗ್ರಾಂ ಬರುತ್ತದೆ. ಹೆಚ್ಚಿನವರು ನಿಲ್ಲಿಸುವುದು ಇಲ್ಲೇ.

ಮುಂದುವರಿಸೋಣ. 4000 ಪಿಕ್ಸೆಲ್ ಅಂದರೆ ಹಲಗೆಯ ಮೇಲೆ 80 ಸೆಂ.ಮೀ., ಅದರ ಮುಕ್ಕಾಲು 60. ಕ್ಯಾಮೆರಾದ ಎತ್ತರ ಸಿಕ್ಕಿತು. 55.76 × 56 / 60 = 52.0 ಸೆಂ.ಮೀ. ಈಗ ಯಾವುದೇ ಸ್ಪ್ರೆಡ್‌ಶೀಟಿನಲ್ಲಿ:

```
=0.0148*52^3.02
```

ಉತ್ತರ 2252 ಗ್ರಾಂ, ಅಂದರೆ ಎರಡೂಕಾಲು ಕಿಲೋ. ತಿದ್ದುವ ಮೊದಲಿನ ಲೆಕ್ಕಕ್ಕೂ ಇದಕ್ಕೂ ಅರ್ಧ ಕಿಲೋಗಿಂತ ಜಾಸ್ತಿ ವ್ಯತ್ಯಾಸ. ಕಾರಣ ಬರೀ ನಾಲ್ಕು ಸೆಂಟಿಮೀಟರ್ ಎತ್ತರ.

ಸಾಮಾನ್ಯ ಕ್ಯಾಲ್ಕುಲೇಟರ್‌ನಲ್ಲಿ ಘಾತದ ಗುಂಡಿ ಇಲ್ಲದಿದ್ದರೆ 3.02 ಬದಲು 3 ಹಾಕಿ 52 × 52 × 52 ಎಂದು ಮುಗಿಸಬೇಡಿ. ಆ 0.02 ಪುಟ್ಟದಾಗಿ ಕಂಡರೂ ತೂಕದಲ್ಲಿ ಶೇ. 8ರಷ್ಟು ಕಡಿಮೆ ಮಾಡಿಬಿಡುತ್ತದೆ.

## ಹಂತ 7: ಒಂದು ಸಂಖ್ಯೆಯಲ್ಲ, ಒಂದು ವ್ಯಾಪ್ತಿ ಬರೆಯಿರಿ

2252 ಎಂದು ಬರೆದರೆ ಗ್ರಾಂ ಮಟ್ಟಕ್ಕೆ ಗೊತ್ತಿದೆ ಎಂಬ ಅರ್ಥ ಬರುತ್ತದೆ. ಅಷ್ಟು ನಮಗೆ ಗೊತ್ತಿಲ್ಲ. ಫೋಟೋದ ಉದ್ದ ಒಂದು ಸೆಂಟಿಮೀಟರ್ ಆಚೀಚೆ ಇರಬಹುದು. ಅದರಿಂದ ತೂಕ 2120ರಿಂದ 2385ರವರೆಗೆ ಓಡಾಡುತ್ತದೆ.

ಇದಲ್ಲದೆ ಮೀನಿನ ಮೈಕಟ್ಟು ಬೇರೆ. ಸೂತ್ರ ಹೇಳುವುದು ಆ ಉದ್ದದ ಸಾಧಾರಣ ಮೀನಿನ ತೂಕ. ಮೊಟ್ಟೆ ತುಂಬಿದ ಹೆಣ್ಣು ಅದಕ್ಕಿಂತ ಭಾರ. ಮೊಟ್ಟೆಯಿಟ್ಟು ಬಡಕಲಾದದ್ದು ಹಗುರ. ಈ ವ್ಯತ್ಯಾಸಕ್ಕೆ ನಾನು ಶೇ. 10 ಇಡುತ್ತೇನೆ. ಉದ್ದದ ತಪ್ಪಿನಿಂದ ಬರುವ ಶೇ. 6, ಮೈಕಟ್ಟಿನ ಶೇ. 10, ಇವೆರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಶೇ. 12ರ ಹತ್ತಿರ. ಆದ್ದರಿಂದ ಈ ಗೆಂಡೆಯ ತೂಕವನ್ನು "2.0ರಿಂದ 2.5 ಕಿಲೋ" ಎಂದು ಬರೆಯಬೇಕು.

ಹೊಟ್ಟೆ ಉಬ್ಬಿರುವುದು ಫೋಟೋದಲ್ಲೇ ಕಾಣುತ್ತಿದ್ದರೆ ವ್ಯಾಪ್ತಿಯ ಮೇಲಿನ ತುದಿಯ ಕಡೆಗೆ, ತಲೆ ದೊಡ್ಡದಾಗಿ ಬೆನ್ನು ಚೂಪಾಗಿ ಕಂಡರೆ ಕೆಳತುದಿಯ ಕಡೆಗೆ ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕಿ. ಸಂಖ್ಯೆಯನ್ನು ಮಾತ್ರ ಕೈಯಾರೆ ಏರಿಸಬೇಡಿ, ಇಳಿಸಬೇಡಿ.

## ಫೋಟೋವನ್ನೇ ಕೈಬಿಡಬೇಕಾದ ಸಂದರ್ಭಗಳು

ಕೆಲವು ಫೋಟೋಗಳಿಂದ ತೂಕ ತೆಗೆಯಲು ಆಗುವುದೇ ಇಲ್ಲ. ಮೀನನ್ನು ಕೈಯಲ್ಲಿ ಹಿಡಿದು ಕ್ಯಾಮೆರಾ ಕಡೆಗೆ ಚಾಚಿ, ಟೇಪು ಹಿಂದೆಲ್ಲೋ ನೇತಾಡುತ್ತಿದ್ದರೆ ಮೀನು ಎಷ್ಟು ಮುಂದಿದೆ ಎಂಬುದಕ್ಕೆ ಆಧಾರವೇ ಇರುವುದಿಲ್ಲ. ಬಾಲದ ತುದಿ ಚೌಕಟ್ಟಿನ ಹೊರಗೆ ಹೋಗಿದ್ದರೆ ಊಹಿಸಿ ಸೇರಿಸಬೇಡಿ. ಆದರೆ ಕವಲು ಕಾಣುತ್ತಿದ್ದರೆ FLಗೆ ಕೊಟ್ಟ ಸಂಖ್ಯೆಗಳು ಸಿಗುತ್ತವೆಯೇ ನೋಡಿ, ಸಿಕ್ಕರೆ ಕೆಲಸ ಆಗುತ್ತದೆ. ಬಾಲದ ತುದಿ ಹರಿದು ಹೋಗಿರುವ ಮೀನಿಗೂ ಇದೇ ದಾರಿ.

ಪಕ್ಕದಿಂದ ಓರೆಯಾಗಿ ತೆಗೆದ ಫೋಟೋ ಇನ್ನೊಂದು ತೊಡಕು. ಟೇಪು ಕ್ಯಾಮೆರಾದ ಕಡೆ ಇದ್ದು ಮೀನು ಆಚೆ ಇದ್ದರೆ ಟೇಪೇ ದೊಡ್ಡದಾಗಿ ಕಂಡು ತೂಕ ಕಡಿಮೆ ಬರುತ್ತದೆ. ಟೇಪಿನ ಎರಡು ತುಂಡುಗಳ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ, ಯಾಕೆಂದರೆ ಟೇಪಿನ ಉದ್ದಕ್ಕೂ ಅಳತೆ ಒಂದೇ ಇರುತ್ತದೆ. ಹಲಗೆಯ ಎರಡು ಅಂಚುಗಳನ್ನು ನೋಡಿ. ಮೀನಿಗೆ ಅಡ್ಡಲಾಗಿರುವ ಆ ಅಂಚುಗಳು ದೂರ ಹೋದಂತೆ ಹತ್ತಿರ ಬರುತ್ತಿದ್ದರೆ ಫೋಟೋ ಓರೆಯಾಗಿದೆ. ಅಂಥದ್ದನ್ನು ಬಿಟ್ಟು ಬೇರೆ ಫೋಟೋ ಇದೆಯೇ ಕೇಳಿ. ಒಂದೇ ಮೀನಿನ ಎರಡು ಮೂರು ಫೋಟೋ ಇದ್ದರೆ ಪ್ರತಿಯೊಂದರಿಂದಲೂ ಉದ್ದ ತೆಗೆಯಿರಿ. ತಿದ್ದಿದ ಉದ್ದಗಳು ಒಂದು ಸೆಂಟಿಮೀಟರ್ ಒಳಗೆ ಹೊಂದಿದರೆ ಮುಂದುವರಿಯಿರಿ, ಮೂರು ಸೆಂಟಿಮೀಟರ್ ಅಂತರ ಬಂದರೆ ಹಂತ 5ಕ್ಕೆ ವಾಪಸ್ ಹೋಗಿ H ಮತ್ತು h ಎರಡನ್ನೂ ಮತ್ತೆ ನೋಡಿ.